ಲೀಟರ್ ನೋಡಿ ಕೆಟ್ಟೆ, ಮೀಟರ್ ನೋಡಿ ಗೆದ್ದೆ

ಮೊದಲನೇ ಏರ್ ಫ್ರೈಯರ್ ತಂದಾಗ ಬಾಮೈದ ನಕ್ಕಿದ್ದ. "ಭಾವ, ಇದು ಮಂಡಕ್ಕಿ ಬಿಸಿ ಮಾಡೋಕೂ ಆಗಲ್ಲ, ನನ್ನ ಹಾಗೆ ಕನ್ವೆಕ್ಷನ್ ಮೈಕ್ರೋವೇವ್ ಓವನ್ ತಗೊಳ್ರಿ" ಅಂದ. ಅವನ ಮಾತು ಅರ್ಧ ನಿಜವಾಯ್ತು.

ಅದು ಎರಡು ಲೀಟರ್ ಚಿಲ್ಲರೆಯ ದುಂಡನೆಯ ಬುಟ್ಟಿ, 1000 ವ್ಯಾಟ್. ಮೂರು ಸಾವಿರದ ಒಳಗೆ ಸಿಕ್ಕಿತ್ತು. ಡಬ್ಬದ ಮೇಲೆ "ಮೂವರಿಗೆ ಸಾಕು" ಅಂತ ಬರೆದಿದ್ದನ್ನು ನಂಬಿದೆ. ಲೀಟರ್ ಅನ್ನೋದು ಬುಟ್ಟಿಯ ಎತ್ತರವನ್ನೂ ಸೇರಿಸಿ ಹೇಳುವ ಲೆಕ್ಕ. ಆದರೆ ಗರಿಗರಿ ಆಗೋದು ಒಂದೇ ಪದರದಲ್ಲಿ ಹರಡಿದ್ದು ಮಾತ್ರ. ಟೇಪ್ ಹಿಡಿದು ಅಳೆದರೆ ತಳ ಹದಿನೆಂಟು ಸೆಂಟಿಮೀಟರ್. ಮನೆಯಲ್ಲಿ ನಾವು ನಾಲ್ಕು ಜನ, ಆಲೂಗಡ್ಡೆ ಹುರಿಯೋಕೆ ನಾಲ್ಕು ಸರದಿ. ಕೊನೇ ಸರದಿ ಬರುವಷ್ಟರಲ್ಲಿ ಮೊದಲನೆಯದು ಮೆತ್ತಗಾಗಿರ್ತಿತ್ತು. ಒಟ್ಟಿಗೆ ತುಂಬಿದರೆ ಮೇಲಿನವು ಕಪ್ಪು, ಕೆಳಗಿನವು ಬೆಂದ ಗೆಣಸಿನ ಹಾಗೆ.

ಎರಡನೇ ಸಲ ಅಂಗಡಿಗೆ ಟೇಪ್ ತಗೊಂಡೇ ಹೋದೆ. ಮಾರುವ ಹುಡುಗನಿಗೆ ನಗು. ಇಪ್ಪತ್ತೆರಡು ಸೆಂಟಿಮೀಟರಿನ ಚೌಕ ಬುಟ್ಟಿ, ಹೇಳೋಕೆ ನಾಲ್ಕು ಲೀಟರ್ ಚಿಲ್ಲರೆ, 1500 ವ್ಯಾಟ್, ಐದು ಸಾವಿರದ ಆಸುಪಾಸು. ತಳದ ಜಾಗ ಹೆಚ್ಚುಕಡಿಮೆ ಎರಡರಷ್ಟು. ಅರ್ಧ ಕೆಜಿ ಆಲೂಗಡ್ಡೆ ಎರಡೇ ಸರದಿಗೆ ಮುಗಿಯುತ್ತೆ.

ಇಲ್ಲೂ ಒಂದು ತಪ್ಪು ಮಾಡಿದೆ. ಅಡಿಗೆಮನೆಯಲ್ಲಿ ಇದ್ದದ್ದು ಆರು ಆಂಪ್ಸಿನ ಸಾಕೆಟ್. ದಪ್ಪ ಪ್ಲಗ್ಗಿಗೆ ಇಪ್ಪತ್ತೈದು ರೂಪಾಯಿಯ ಕನ್ವರ್ಟರ್ ಸಿಕ್ಕಿಸಿದೆ. ವಾರದೊಳಗೆ ಸಾಕೆಟ್ ಸುತ್ತ ಕಂದು ಬಣ್ಣ, ಸುಟ್ಟ ಪ್ಲಾಸ್ಟಿಕ್ ವಾಸನೆ. ಆರು ಆಂಪ್ಸಿಗೆ 230 ವೋಲ್ಟ್ ಗುಣಿಸಿದರೆ 1380 ವ್ಯಾಟ್, ಅಲ್ಲಿಗೆ ಮುಗೀತು. ಹದಿನಾರು ಆಂಪ್ಸಿನ ಸಾಕೆಟ್, ಬೋರ್ಡಿನಿಂದ ಬೇರೆ ವೈರ್, ಎಲೆಕ್ಟ್ರಿಷಿಯನ್ ಕೂಲಿ ಎಲ್ಲ ಸೇರಿ ಸಾವಿರದ ಇನ್ನೂರು ಹೋಯ್ತು. ಯಂತ್ರದ ಬೆಲೆಗೆ ಇದನ್ನೂ ಸೇರಿಸಿ ಲೆಕ್ಕ ಹಾಕ್ರಿ.

ಆಮೇಲೆ ಬೆಳಗ್ಗೆ ಹದಿನೈದು ನಿಮಿಷಕ್ಕೆ ಆಗುತ್ತಿದ್ದದ್ದು ಸಂಜೆ ಇಪ್ಪತ್ತೊಂದು ನಿಮಿಷ ತಗೊಳ್ಳೋಕೆ ಶುರುವಾಯ್ತು. ಮನೆಯವಳು "ಕೆಟ್ಟಿದೆ ಕಣ್ರೀ, ವಾಪಸ್ ಕೊಡ್ರಿ" ಅಂದಳು. ನನಗೆ ವೋಲ್ಟೇಜ್ ಮೇಲೆ ಅನುಮಾನ. ನಮ್ಮ ಮನೆ ಕರೆಂಟ್ ಮೀಟರಿನ ಮೇಲೆ 3200 imp/kWh ಅಂತ ಇದೆ, ಅಂದರೆ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ಫ್ರಿಜ್, ಫ್ಯಾನ್ ಎಲ್ಲ ಆರಿಸಿ, ಫ್ರೈಯರ್ ಒಂದನ್ನೇ ತಣ್ಣಗಿರುವಾಗ ಹಾಕಿ, ಕಾಯಿಲ್ ಎಡೆಬಿಡದೆ ಉರಿಯುವ ಮೊದಲ ಒಂದು ನಿಮಿಷ ಎಣಿಸಿದೆ. ಬೆಳಗ್ಗೆ 76 ಸಲ. ಅರವತ್ತರಿಂದ ಗುಣಿಸಿ 3200ರಿಂದ ಭಾಗಿಸಿದರೆ 1.425 ಕಿಲೋವ್ಯಾಟ್, ಅಂದರೆ 1425 ವ್ಯಾಟ್. ಸಂಜೆ ಏಳೂವರೆಗೆ 56 ಸಲ, ಅಂದರೆ 1050. ಯಂತ್ರದ ತಪ್ಪೇನಿಲ್ಲ. ವೋಲ್ಟೇಜ್ ಸ್ವಲ್ಪ ಇಳಿದರೂ ಕಾಯಿಲಿನ ಶಕ್ತಿ ಅದರ ವರ್ಗದ ಲೆಕ್ಕದಲ್ಲಿ ಬೀಳುತ್ತೆ. ಹಾಗಾಗಿ ಸಂಜೆ ವೋಲ್ಟೇಜ್ ಕುಗ್ಗುವ ಬಡಾವಣೆಯಲ್ಲಿ 1000 ವ್ಯಾಟಿನದ್ದು ತಂದರೆ ಸಂಜೆಗೆ ಏಳುನೂರು ಉಳಿದರೆ ಹೆಚ್ಚು.

ಬಾಮೈದನ 28 ಲೀಟರ್ ಓವನ್ನೂ ಬಿಡಲಿಲ್ಲ. ಒಂದು ಲೀಟರ್ ನೀರನ್ನು ಫುಲ್ ಪವರಿನಲ್ಲಿ ಎರಡು ನಿಮಿಷ ಇಟ್ಟು, ಕಲಕಿ, ಉಷ್ಣಾಂಶ ಎಷ್ಟು ಡಿಗ್ರಿ ಏರಿತೋ ಅದನ್ನು 35ರಿಂದ ಗುಣಿಸಿದರೆ ನೀರಿಗೆ ನಿಜವಾಗಿ ಮುಟ್ಟಿದ ವ್ಯಾಟ್ ಸಿಗುತ್ತೆ. ಇಪ್ಪತ್ತು ಡಿಗ್ರಿ ಏರಿತು, 700. ಪೆಟ್ಟಿಗೆಯ ಮೇಲೆ 900 ಅಂತ ಇತ್ತು. ಅವನ ಮುಖ ನೋಡಬೇಕಿತ್ತು! ಆದರೆ ಅನ್ನ, ಸಾರು, ಹಾಲು ಬಿಸಿ ಮಾಡೋದರಲ್ಲಿ, ಹಪ್ಪಳ ಸುಡೋದರಲ್ಲಿ ಅದನ್ನು ಮೀರಿಸೋಕೆ ಆಗಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಫ್ರಿಜ್ಜಿನ ಅಡಿಗೆ ಬಿಸಿ ಮಾಡಿ ಉಣ್ಣುವ ಮನೆಗೆ 20 ಲೀಟರಿನ ಸಾದಾ ಮೈಕ್ರೋವೇವ್ ಸಾಕು. ಕನ್ವೆಕ್ಷನ್ನಿಗೆ ಅವನು ಹೆಚ್ಚಿಗೆ ಕೊಟ್ಟ ಆರೇಳು ಸಾವಿರ ಎರಡು ಕೇಕಿಗೆ ಮುಗಿದಿದೆ. ನಮ್ಮಲ್ಲಿ ಅವ್ವ ಸಾರನ್ನು ಗ್ಯಾಸಿನ ಮೇಲೇ ಕುದಿಸೋದು, ನಮಗೆ ಬೇಕಾದದ್ದು ಗರಿಗರಿ.

ಶೇಂಗಾ ಎರಡರಲ್ಲೂ ಹುರಿದು ನೋಡಿದೆ. ಮೈಕ್ರೋವೇವಿನಲ್ಲಿ ಹೊರಗೆ ಬೆಳ್ಳಗಿದ್ದು ಒಳಗೆ ಸೀದಿರುತ್ತೆ. ಫ್ರೈಯರಿನಲ್ಲಿ ಕಾಲು ಕೆಜಿಗೆ 160 ಡಿಗ್ರಿ, ಹತ್ತು ಹನ್ನೆರಡು ನಿಮಿಷ, ನಡುವೆ ಎರಡು ಸಲ ಕುಲುಕಬೇಕು. ಇನ್ನೂ ಸ್ವಲ್ಪ ಮೆತ್ತಗಿದ್ದಾಗಲೇ ತೆಗೀರಿ, ಆರಿದ ಮೇಲೆ ಗರಿಯಾಗುತ್ತೆ.

ಮೆತ್ತಗಾದ ಮಂಡಕ್ಕಿ ಹಾಕಿದ ದಿನ ಮಾತ್ರ ಅನಾಹುತ. ಫ್ಯಾನಿನ ಗಾಳಿಗೆ ಹಾರಿ ಕಾಯಿಲಿಗೆ ಅಂಟಿ ಹೊಗೆ ಎದ್ದಿತು. ಈಗ ಮೇಲೆ ತಂತಿ ಜಾಲರಿ ಮುಚ್ಚಿ 120 ಡಿಗ್ರಿಯಲ್ಲಿ ಮೂರು ನಿಮಿಷ ಇಡ್ತೀನಿ. ಅಂಗಡಿಯಿಂದ ತಂದು ಆರಿದ ಮಿರ್ಚಿ 180ರಲ್ಲಿ ನಾಲ್ಕು ನಿಮಿಷಕ್ಕೆ ಆಗಷ್ಟೇ ಎಣ್ಣೆಯಿಂದ ತೆಗೆದ ಹಾಗೆ. ಹಸಿ ಹಿಟ್ಟಿನ ಮಿರ್ಚಿ ಹಾಗೇ ಹಾಕಿದರೆ ಇದರಲ್ಲಿ ಆಗೋದಿಲ್ಲ, ಹಿಟ್ಟು ತೂತಿನಿಂದ ಸೋರಿ ತಳಕ್ಕೆ ಹೆಪ್ಪುಗಟ್ಟುತ್ತೆ. ನಾನು ಒಂದು ಉಪಾಯದಿಂದ ಮಾಡ್ತೀನಿ, ಅದನ್ನು ಇಲ್ಲಿ ಹೇಳಲ್ಲ. ಬಾಮೈದ ಆರು ತಿಂದು, ಇದು ಅಂಗಡಿಯದ್ದೇ ಅಂತ ಇನ್ನೂ ವಾದ ಮಾಡ್ತಾನೆ.