ನೋಟ್‌ಬುಕ್ ಸೀಸನ್ನಿಗೆ ಮುಂಚೆ ಏನನ್ನು ಕೂಡಿಡಬೇಕು: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಚಿಕ್ಕ ನೋಟ್‌ಬುಕ್ ಘಟಕ. ಮೇ ಕೊನೆಗೆ ಶಾಲೆ ಶುರುವಾಗುತ್ತದೆ. ವರ್ಷದ ವ್ಯಾಪಾರ ಹೆಚ್ಚುಕಡಿಮೆ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲೇ ಮುಗಿಯುತ್ತದೆ.

ಮೊದಲ ವರ್ಷ ಆರ್ಡರ್ ಬಂದಷ್ಟೇ ಮಾಡುತ್ತಿದ್ದೆ. ಗೋದಾಮು ಬೇಡ, ದುಡ್ಡು ಕಟ್ಟಿಹಾಕಬೇಕಿಲ್ಲ ಅಂತ ಖುಷಿ. ಮೇನಲ್ಲಿ ಖುಷಿಯೆಲ್ಲ ಇಳಿಯಿತು. ರೂಲಿಂಗ್ ಮಷಿನ್ ಎರಡು ಪಾಳಿ ಓಡಿದರೂ ಸಾಲಲಿಲ್ಲ. ಓವರ್‌ಟೈಮಿಗೆ ಕಾನೂನಿನಂತೆ ಎರಡು ಪಟ್ಟು ಕೂಲಿ. ಉಳಿದದ್ದನ್ನು ಹೊರಗೆ ಜಾಬ್‌ವರ್ಕಿಗೆ ಕೊಟ್ಟೆ. ಒಂದು ಬುಕ್ಕಿಗೆ ಒಂದೂವರೆ ರೂಪಾಯಿ ಜಾಸ್ತಿ ಬಿತ್ತು. ಪಿನ್ ಸಡಿಲವಾದ ಬಂಡಲ್‌ಗಳು ಅಂಗಡಿಯಿಂದ ವಾಪಸ್ ಬಂದದ್ದು ಬೇರೆ.

ಎರಡನೇ ವರ್ಷ ಉಲ್ಟಾ ಹೊಡೆದೆ. ಡಿಸೆಂಬರ್‌ನಿಂದ ಜೂನ್‌ವರೆಗಿನ ಏಳು ತಿಂಗಳ ಅಂದಾಜು ಮಾರಾಟ 6,30,000 ಬುಕ್. ತಿಂಗಳಿಗೆ 90,000ದಂತೆ ಸಮನಾಗಿ ಹಂಚಿ ಮಾಡಿದೆ. ಮಾರಾಟ ಡಿಸೆಂಬರ್, ಜನವರಿಯಲ್ಲಿ 20,000ದಂತೆ, ಫೆಬ್ರವರಿಯಲ್ಲಿ 40,000, ಮಾರ್ಚ್‌ನಲ್ಲಿ 60,000. ಹಾಗಾಗಿ ಸ್ಟಾಕ್ ಏರುತ್ತಾ ಹೋಗಿ ಮಾರ್ಚ್ ಕೊನೆಗೆ 2,20,000 ಆಯಿತು. ತಿಂಗಳ ಮಾರಾಟ ತಿಂಗಳ ಉತ್ಪಾದನೆಯನ್ನು ದಾಟುವ ತನಕ ಸ್ಟಾಕ್ ಇಳಿಯುವುದಿಲ್ಲ. ನಮಗೆ ಅದು ದಾಟಿದ್ದು ಏಪ್ರಿಲ್‌ನಲ್ಲಿ, 1,20,000. ಮೇನಲ್ಲಿ 2,10,000, ಜೂನ್‌ನಲ್ಲಿ 1,60,000 ಹೋಗುತ್ತದೆ ಅಂತ ಅಂದಾಜು. ಗೋದಾಮನ್ನು ಮಾರ್ಚ್ ಕೊನೆಯ ಲೆಕ್ಕ ನೋಡಿ ಹಿಡಿಯಬೇಕು, ಸರಾಸರಿ ನೋಡಿ ಅಲ್ಲ. ಇದನ್ನು ನಾನು ತಡವಾಗಿ ಕಲಿತೆ. ಪಕ್ಕದ ಶೆಡ್ಡಿನಲ್ಲೂ ಜಾಗ ಕೇಳಬೇಕಾಯಿತು.

ಖರ್ಚಿನ ಲೆಕ್ಕ ಹೀಗೆ. ಪ್ರತಿ ತಿಂಗಳ ಕೊನೆಯ ಸ್ಟಾಕ್ ಕೂಡಿದರೆ 8,80,000. ಬುಕ್ಕಿಗೆ 20 ರೂಪಾಯಿ, ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ ಅಂತ ಹಿಡಿದರೆ 1,76,000 ರೂಪಾಯಿ. ಬಾಡಿಗೆ 1,20,000. ಒಟ್ಟು ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ. ಇದೇ ಮಾರಾಟಕ್ಕೆ ಸ್ಟಾಕ್ ಇಡದಿದ್ದರೆ, ಏಪ್ರಿಲ್‌ನಿಂದ ಜೂನ್‌ವರೆಗೆ 90,000 ಮೀರಿದ್ದು ಅದೇ 2,20,000 ಬುಕ್. ಅಷ್ಟನ್ನೂ ಜಾಬ್‌ವರ್ಕಿಗೆ ಕೊಟ್ಟರೆ 3,30,000. ದೊಡ್ಡ ವ್ಯತ್ಯಾಸವೇನಿಲ್ಲ, ಅಲ್ವಾ?

ಆದರೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಜೂನ್ ಕೊನೆಗೆ ಒಟ್ಟು ಲೆಕ್ಕದಲ್ಲಿ ಗೋದಾಮು ಖಾಲಿ ಆಗಬೇಕಿತ್ತು. ಆಗಲಿಲ್ಲ. ನಾಲ್ಕು ಗೆರೆಯ ಬುಕ್ 40,000 ಉಳಿಯಿತು, ಸಿಂಗಲ್ ಲೈನ್ ಕೇಳಿದವರಿಗೆ ಇಲ್ಲ ಅನ್ನಬೇಕಾಯಿತು. ಜೊತೆಗೆ, ಶಾಲೆಗಳಿಗೆ ಬೇಕಿದ್ದದ್ದು ತಮ್ಮ ಹೆಸರಿನ ಕವರ್. ನಮ್ಮ ಹತ್ತಿರ ಇದ್ದದ್ದು ಹೂವು, ಕಾರಿನ ಚಿತ್ರದ ಕವರ್. ಉಳಿದ ಮಾಲನ್ನು ಬುಕ್ಕಿಗೆ ನಾಲ್ಕು ರೂಪಾಯಿ ಕಳೆದು ಮಾರಿದೆ. 1,60,000 ಹೋಯಿತು.

ಆಗ ಸುಮ್ನೆ ಮಷಿನ್ ಮುಂದೆ ಕೂತು ಕೆಲಸ ನೋಡಿದೆ. ರೀಲಿನಿಂದ ಹಾಳೆಗೆ ಗೆರೆ ಹಾಕುವುದು ಮಷಿನ್ನಿನ ಕೆಲಸ. ಅದರ ವೇಗ ಹೆಚ್ಚಿಸಲು ಆಗುವುದಿಲ್ಲ, ಇನ್ನೊಂದು ಕೊಳ್ಳಲು ದುಡ್ಡಿಲ್ಲ. ಆಮೇಲೆ ಕವರ್ ಇಟ್ಟು ಮಡಚುವುದು, ಪಿನ್ ಹಾಕುವುದು ಕೈಕೆಲಸ, ಕತ್ತರಿಸುವುದಷ್ಟೇ ಕಟಿಂಗ್ ಮಷಿನ್. ಇದಕ್ಕೆ ಮೇನಲ್ಲಿ ಆರು ಜನ ಜಾಸ್ತಿ ಸೇರಿಸಿದರೆ ನಡೆಯುತ್ತದೆ. ಕವರ್ ಸೇರುವುದೂ ಇಲ್ಲೇ.

ಮೂರನೇ ವರ್ಷ ಮಷಿನ್ನನ್ನು ಮಾತ್ರ ಡಿಸೆಂಬರ್‌ನಿಂದ ಸಮನಾಗಿ ಓಡಿಸಿದೆ. ಗೆರೆ ಹಾಕಿದ ಹಾಳೆ ಮಾತ್ರ ಕೂಡಿಟ್ಟೆ. ಬುಕ್ ಕಟ್ಟಿದ್ದು ಆರ್ಡರ್ ಬಂದಂತೆ. ಶಾಲೆ ಹೆಸರಿನ ಕವರ್ ಆರ್ಡರಿನ ಜೊತೆಗೇ ಪ್ರಿಂಟಿಗೆ ಹೋಗುತ್ತಿತ್ತು.

ಹಾಳೆ ಇಡುವುದಕ್ಕೂ ಕಷ್ಟವಿದೆ. ಏಪ್ರಿಲ್‌ನಲ್ಲಿ ಎರಡು ದಿನ ಅಡ್ಡಮಳೆ ಬಂತು. ಮರುದಿನ ಪಿನ್ ಹಾಕುವ ಅಕ್ಕ ಒಂದು ಕಟ್ಟು ತಂದು ತೋರಿಸಿದರು. “ಸಾಹೇಬ್ರ, ಅಂಚು ಎದ್ದೈತ್ರಿ, ಪಿನ್ ಸರಿಯಾಗಿ ಕೂಡಂಗಿಲ್ಲ.” ಗೋಡೆಗೆ ತಾಗಿಸಿ ಇಟ್ಟ ಸಾಲು ಅದು. ತೇವ ಎಳೆದ ಹಾಳೆ ಅಲೆಯಂತೆ ಏಳುತ್ತದೆ, ಕತ್ತರಿಸುವಾಗ ಅಂಚು ನೇರ ಬರುವುದಿಲ್ಲ. ಈಗ ನೆಲಕ್ಕೆ ಹಲಗೆ, ಗೋಡೆಯಿಂದ ಒಂದಡಿ ದೂರ, ಪ್ಲಾಸ್ಟಿಕ್ ಸುತ್ತಿದ ಮೇಲೆಯೇ ಜೋಡಣೆ. ಹಳೆಯ ಕಟ್ಟು ಮೊದಲು ಹೊರಗೆ.

ಗೆರೆಯ ಬಗ್ಗೆ ಮಾತ್ರ ಇನ್ನೂ ಊಹೆ ಮಾಡಲೇಬೇಕು. ನಾಲ್ಕು ಗೆರೆ, ಚೌಕ ಹಾಳೆಗಳನ್ನು ಹಿಂದಿನ ವರ್ಷದ ಮಾರಾಟದ ಮುಕ್ಕಾಲು ಭಾಗಕ್ಕೆ ನಿಲ್ಲಿಸುತ್ತೇನೆ, ಉಳಿದ ಕಾಲು ಭಾಗ ಮೇನಲ್ಲಿ ಕೇಳಿಕೆ ನೋಡಿ. ಮಷಿನ್ ಖಾಲಿ ಇದ್ದ ದಿನ ಸಿಂಗಲ್ ಲೈನ್ ಹಾಕಿಸುತ್ತೇನೆ. ಉಳಿದರೆ ಅದೇ ಉಳಿಯಲಿ, ಅಕ್ಟೋಬರ್‌ನಲ್ಲೂ ಅಂಗಡಿಯವರು ಅದನ್ನು ಕೇಳುತ್ತಾರೆ.