ತರಗತಿಯ ಹುಟ್ಟುಹಬ್ಬ: ಪಾಲಕರ ಪತ್ರದಲ್ಲಿ ಹೀಗೆ ಬರೆಯಿರಿ

ರಾಯಚೂರು, ಕೊಪ್ಪಳ ಕಡೆಯ ಶಿಕ್ಷಕರೇ, ಪತ್ರದಲ್ಲಿ "ಶೇಂಗಾ ಇಲ್ಲದ ಸಿಹಿ ತರಬಹುದು" ಅಂತ ಬರೆದರೆ ಸಾಲದು. ಶೇಂಗಾ ಉಂಡಿ ಕಟ್ಟುವ ಅಂಗಡಿಯಲ್ಲೇ ಪೇಡೆಯೂ ಆಗುತ್ತದೆ. ಅದೇ ತಾಟು, ಅದೇ ಕೈ. ಬಿಡಿ ಸಿಹಿಗೆ ಲೇಬಲ್ಲೂ ಇರಲ್ಲ. ಶೇಂಗಾ ಅಲರ್ಜಿ ಇರುವ ಮಗುವಿಗೆ ತೊಂದರೆಯಾಗಲು ಹಾಗೆ ಅಂಟಿದ ಚೂರೇ ಸಾಕು.

ಹೀಗೆ ಬರೆಯಿರಿ: "ಹುಟ್ಟುಹಬ್ಬಕ್ಕೆ ಮನೆಯಿಂದ ತಿಂಡಿ, ಚಾಕಲೇಟು, ಉಡುಗೊರೆ ಬೇಡ. ತಿಂಗಳ ಕೊನೆಯ ಶನಿವಾರ ಆ ತಿಂಗಳು ಹುಟ್ಟಿದ ಎಲ್ಲ ಮಕ್ಕಳಿಗೂ ಶಾಲೆಯೇ ಕಾಗದದ ಕಿರೀಟ ಹಾಕಿ ಹಾಡಿಸುತ್ತದೆ."

"ಇಷ್ಟವಿದ್ದವರು ತರಬಹುದು" ಅಂತ ಮಾತ್ರ ಸೇರಿಸಬೇಡಿ. ಒಬ್ಬರು ತಂದರೆ ಕೂಲಿಗೆ ಹೋಗುವವರೂ ಕೈಗಡ ತಂದು ಹಂಚುತ್ತಾರೆ.

ಕೆಳಗೆ ಹರಿದು ಕೊಡುವ ಚೀಟಿ ಇರಲಿ: ಯಾವುದು ಆಗಲ್ಲ, ತಿಂದರೆ ಏನಾಗುತ್ತದೆ (ದದ್ದು, ವಾಂತಿ, ಉಸಿರಾಟದ ತೊಂದರೆ), ಫೋನ್ ನಂಬರು. ಓದು ಬಾರದ ಪಾಲಕರಿಗೆ ಬಾಯಲ್ಲೇ ಕೇಳಿ ಬರೆದುಕೊಳ್ಳಿ. ಉಸಿರು ಕಟ್ಟಿದರೆ ಮೊದಲು 108, ಆಮೇಲೆ ಮನೆಗೆ ಫೋನು.