ಜಾರಿದ ಭುಜ: ಕೂರಿಸುವುದು ಅರ್ಧ ಕೆಲಸ ಮಾತ್ರ

ಜಾರಿದ ಭುಜವನ್ನು ಕೂರಿಸಲು ತೋಳ್ಬಲ ಬೇಕೆಂಬ ನಂಬಿಕೆ ಆಟದ ಮೈದಾನಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಕಂಕುಳಿಗೆ ಪಾದ ಕೊಟ್ಟು ಕೈಯನ್ನು ಜಗ್ಗುವ ಹಳೆಯ ವಿಧಾನವನ್ನು ನಾನೂ ಕಲಿತಿದ್ದೇನೆ, ಆದರೆ ಬಳಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಕೀಲು ಹೊರಗೇ ಉಳಿಯಲು ದೊಡ್ಡ ಕಾರಣ ನೋವಿಗೆ ಬಿಗಿದುಕೊಂಡ ಸ್ನಾಯುಗಳು. ನಾವು ಜಗ್ಗಿದಷ್ಟೂ ಅವು ಇನ್ನಷ್ಟು ಬಿಗಿಯುತ್ತವೆ. ಅವು ಸಡಿಲಗೊಂಡರೆ ಮೂಳೆ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ.

ನಾನು ಹೇಳಹೊರಟಿರುವುದು ಹದಿನೆಂಟು ವರ್ಷದ ಹ್ಯಾಂಡ್‌ಬಾಲ್ ಆಟಗಾರನೊಬ್ಬನ ಕಥೆ. ಚೆಂಡೆಸೆಯಲು ಬಲಗೈಯನ್ನು ಎತ್ತಿ ಹಿಂದಕ್ಕೆ ಒಯ್ದಿದ್ದಾಗ ಎದುರಾಳಿಯೊಬ್ಬ ಅದನ್ನು ಹಿಂದಿನಿಂದ ಹಿಡಿದೆಳೆದಿದ್ದ. ನನ್ನ ಬಳಿಗೆ ಬಂದಾಗ ಬಲಗೈಯನ್ನು ಎಡಗೈಯಿಂದ ಆನಿಸಿಕೊಂಡಿದ್ದ, ತೋಳು ಮೈಯಿಂದ ತುಸು ದೂರ ನಿಂತಿತ್ತು, ಭುಜದ ದುಂಡು ಮಾಯವಾಗಿ ಅಂಚು ಚೌಕವಾಗಿ ಕಾಣುತ್ತಿತ್ತು. ಇದು ಮುಂದಕ್ಕೆ ಜಾರಿದ ಭುಜದ ಚಿತ್ರ. ಭುಜ ಜಾರಿದವರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಮಂದಿಗೆ ಆಗುವುದು ಹೀಗೆಯೇ.

ಉಳಿದವುಗಳಲ್ಲಿ ಹಿಂದಕ್ಕೆ ಜಾರುವ ಬಗೆ ವೈದ್ಯರನ್ನೇ ಏಮಾರಿಸುತ್ತದೆ. ಮೂರ್ಛೆರೋಗದ ಸೆಳೆತ ಅಥವಾ ವಿದ್ಯುತ್ ಆಘಾತದ ನಂತರ ತೋಳು ಒಳಕ್ಕೆ ತಿರುಗಿ ಹೊಟ್ಟೆಗೆ ಅಂಟಿಕೊಂಡಿದ್ದರೆ ಅದನ್ನು ಶಂಕಿಸಬೇಕು. ಮುಂಭಾಗದಿಂದ ತೆಗೆದ ಎಕ್ಸ್-ರೇ ಬಹುತೇಕ ಸರಿಯಾಗಿಯೇ ಕಾಣುತ್ತದೆ. ಆದರೆ ಮುಂಗೈಯನ್ನು ಹೊರಕ್ಕೆ ತಿರುಗಿಸಿ ಎಂದರೆ ರೋಗಿಗೆ ಒಂದಿಷ್ಟೂ ಆಗುವುದಿಲ್ಲ. ಆಗ ಕಂಕುಳ ಕಡೆಯಿಂದ ಇನ್ನೊಂದು ಎಕ್ಸ್-ರೇ ತೆಗೆಸದೆ ಮನೆಗೆ ಕಳುಹಿಸಬಾರದು. ಕೆಳಕ್ಕೆ ಜಾರುವುದು ತೀರಾ ಅಪರೂಪ. ಕೈ ತಲೆಯ ಮೇಲೆ ಸಿಕ್ಕಿಕೊಂಡು ಕೆಳಗಿಳಿಯದಿರುವುದೇ ಅದರ ಗುರುತು.

ಹುಡುಗನ ತೋಳನ್ನು ಅಲುಗಾಡಿಸುವ ಮೊದಲು ನಾಡಿ ನೋಡಿದೆ, ಹತ್ತಿಯಿಂದ ಮೇಲ್ದೋಳಿನ ಹೊರಭಾಗವನ್ನು ಸವರಿ ಎರಡೂ ಕಡೆ ಒಂದೇ ರೀತಿ ತಿಳಿಯುತ್ತದೆಯೇ ಎಂದು ಕೇಳಿದೆ. ಬಳಿಕ ಮೊಣಕೈಯನ್ನು ನನ್ನ ಅಂಗೈಗೆ ಒತ್ತಲು ಹೇಳಿ, ಡೆಲ್ಟಾಯ್ಡ್ ಸ್ನಾಯು ಗಟ್ಟಿಯಾಗುವುದನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಇವೆರಡೂ ಭುಜದ ಕೀಲಿನ ಪಕ್ಕದಲ್ಲೇ ಹಾಯುವ ಆಕ್ಸಿಲರಿ ನರದ ಪರೀಕ್ಷೆಗಳು. ಫಲಿತಾಂಶವನ್ನು ಆಗಲೇ ಬರೆದಿಡುತ್ತೇನೆ. ಕೂರಿಸಿದ ಮೇಲೆ ಮರಗಟ್ಟಿದ್ದು ಕಂಡರೆ ಅದು ಪೆಟ್ಟಿನಿಂದಾದದ್ದೋ ನಮ್ಮ ಕೈಯಿಂದಾದದ್ದೋ ಎಂದು ಬೇರೆ ದಾರಿಯಲ್ಲಿ ತಿಳಿಯದು. ಮೊದಲ ಸಲ ಜಾರಿದ್ದರಿಂದ ಎಕ್ಸ್-ರೇಯನ್ನೂ ಮೊದಲೇ ತೆಗೆಸಿದೆ. ತೋಳಿನ ಮೂಳೆಯ ಕುತ್ತಿಗೆಯಲ್ಲಿ ಬಿರುಕಿದ್ದು, ಅದನ್ನು ತಿಳಿಯದೆ ತಿರುಗಿಸಿದರೆ ಮೂಳೆ ಎರಡಾಗಬಹುದು.

ನಿದ್ರೆಯ ಮದ್ದು ಕೊಡಲಿಲ್ಲ. ಭುಜದ ತುದಿಯ ಮೂಳೆಯ ಕೆಳಗೆ, ಖಾಲಿಯಾದ ಕುಳಿಯಲ್ಲಿ ಸೂಜಿ ಇಳಿಸಿ, ಅಲ್ಲಿ ನಿಂತಿದ್ದ ಕಪ್ಪು ರಕ್ತವನ್ನು ಹೊರತೆಗೆದು, ಮರಗಟ್ಟಿಸುವ ಮದ್ದು, ಶೇ. 1ರ ಲಿಗ್ನೊಕೇನ್ 20 ಮಿ.ಲೀ. ಕೊಟ್ಟೆ. ನಂತರ ಕಾಲು ಗಂಟೆ ಕಾಯಬೇಕು. ಈ ಕಾಯುವಿಕೆಯನ್ನು ಅವಸರದವರು ನುಂಗಿಬಿಡುತ್ತಾರೆ, ಆಮೇಲೆ ಚುಚ್ಚುಮದ್ದು ಕೆಲಸ ಮಾಡಲಿಲ್ಲವೆನ್ನುತ್ತಾರೆ.

ನನಗೆ ಒಗ್ಗಿದ್ದು ಹೊರಕ್ಕೆ ತಿರುಗಿಸುವ ವಿಧಾನ. ಅಂಗಾತ ಮಲಗಿಸಿ, ಮೊಣಕೈಯನ್ನು 90 ಡಿಗ್ರಿಗೆ ಮಡಿಸಿ, ಒಂದು ಕೈಯಿಂದ ಅದನ್ನು ಪಕ್ಕೆಗೆ ತಾಗಿಸಿ ಹಿಡಿದೆ. ಇನ್ನೊಂದು ಕೈಯಲ್ಲಿ ಮಣಿಕಟ್ಟು. ಎಳೆತ ಒಂದಿಷ್ಟೂ ಇಲ್ಲ. ಮುಂಗೈ ತನ್ನ ಭಾರಕ್ಕೆ ತಾನೇ ಹೊರಕ್ಕೆ ವಾಲಲು ಬಿಟ್ಟೆ. ಸ್ನಾಯು ಬಿಗಿದೊಡನೆ ಅಲ್ಲೇ ನಿಲ್ಲಿಸುವುದು, ಉಸಿರು ಸಡಿಲವಾದ ಮೇಲೆ ಮುಂದುವರಿಯುವುದು, ಇಷ್ಟೇ. 70 ಡಿಗ್ರಿ ದಾಟಿದ ಮೇಲೆ ಕೀಲು ಯಾವಾಗ ಬೇಕಾದರೂ ಒಳಗಿಳಿಯಬಹುದು. ‘ಟಕ್’ ಎಂಬ ಸದ್ದು ಕೇಳಲೇಬೇಕೆಂದಿಲ್ಲ. ಇವನಿಗೂ ಕೇಳಲಿಲ್ಲ, ಚೌಕವಾಗಿದ್ದ ಭುಜ ಮತ್ತೆ ದುಂಡಾದದ್ದು ಕಣ್ಣಿಗೆ ಕಂಡಿತು. ಇಳಿಯದಿದ್ದರೆ ಅದೇ ಸ್ಥಿತಿಯಿಂದ ತೋಳನ್ನು ನಿಧಾನವಾಗಿ ತಲೆಯತ್ತ ಎತ್ತಿದರೆ ಮಿಲ್ಚ್ ವಿಧಾನವಾಗುತ್ತದೆ. ರೋಗಿಯನ್ನು ಕುಳ್ಳಿರಿಸಿಕೊಂಡು ಸ್ನಾಯುಗಳನ್ನು ತಿಕ್ಕಿ ಸಡಿಲಿಸುವ ಕನ್ನಿಂಗ್‌ಹ್ಯಾಮ್ ವಿಧಾನವೂ ಒಳ್ಳೆಯದೇ, ಆದರೆ ರೋಗಿ ನಮ್ಮ ಮಾತಿಗೆ ಮೈಬಿಡಬೇಕು.

ಆ ಕೈ ಎದುರು ಭುಜವನ್ನು ಮುಟ್ಟಿತು, ಕೀಲು ಕೂತಿದೆ ಎಂಬುದಕ್ಕೆ ಅದು ಗುರುತು. ನರದ ಪರೀಕ್ಷೆಯನ್ನು ಮತ್ತೆ ಮಾಡಿ, ಎಕ್ಸ್-ರೇ ತೆಗೆಸಿದೆ. ತೋಳಿನ ಮೂಳೆಯ ತಲೆಯ ಹಿಂಭಾಗದಲ್ಲಿ ಒಂದು ತಗ್ಗು ಕಾಣಿಸಿತು. ಅದಕ್ಕೆ ಹಿಲ್-ಸ್ಯಾಕ್ಸ್ ಎನ್ನುತ್ತಾರೆ. ಹೊರಗೆ ಜಾರಿದ ತಲೆ ಕುಳಿಯ ಮುಂಭಾಗದ ಅಂಚಿಗೆ ಬಡಿದು ಆದ ಗುರುತು. ಭುಜದ ಕುಳಿ ಆಳವಿಲ್ಲದ ತಟ್ಟೆಯಿದ್ದಂತೆ, ಲೇಬ್ರಮ್ ಎಂಬ ಮೆತ್ತನೆಯ ಅಂಚು ಅದಕ್ಕೆ ಆಳ ಕೊಡುತ್ತದೆ. ಹರೆಯದವರಲ್ಲಿ ಹರಿಯುವುದು ಆ ಅಂಚಿನ ಮುಂಭಾಗ. ನಲವತ್ತು ದಾಟಿದವರಲ್ಲಾದರೆ ಕೀಲನ್ನು ಸುತ್ತುವರಿದ ಸ್ನಾಯುರಜ್ಜುಗಳ ಪಟ್ಟಿ, ಅಂದರೆ ರೊಟೇಟರ್ ಕಫ್ ಹರಿದಿದೆಯೇ ಎಂದು ಹುಡುಕುತ್ತೇನೆ.

“ಸರ್, ಯಾವಾಗ ಆಡಬಹುದು?” ಎಂಬುದೇ ಅವನ ಮೊದಲ ಪ್ರಶ್ನೆ. ಅವನ ವಯಸ್ಸಿನ ಹುಡುಗರು ಇಂಥ ಆಟಕ್ಕೆ ಮರಳಿದರೆ ಭುಜ ಮತ್ತೆ ಜಾರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂದು ಅವನಿಗೂ ತಂದೆತಾಯಿಗೂ ನೇರವಾಗಿ ಹೇಳಿದೆ. ಮೊದಲ ಸಲಕ್ಕೇ ಶಸ್ತ್ರಚಿಕಿತ್ಸೆಯೂ ಒಂದು ದಾರಿ ಎಂದೆ. ಅವರು ವ್ಯಾಯಾಮವನ್ನು ಆರಿಸಿಕೊಂಡರು. ಎರಡು ವಾರ ಕೈಯನ್ನು ಜೋಲಿಯಲ್ಲಿಟ್ಟೆವು. ಅದಕ್ಕಿಂತ ಹೆಚ್ಚು ಕಟ್ಟಿಟ್ಟರೆ ಮರುಜಾರಿಕೆ ತಗ್ಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಬಲ ಮರಳಿ ಬಂತು, ಭರವಸೆ ಬರಲಿಲ್ಲ. ಮಲಗಿಸಿ ತೋಳನ್ನು ಪಕ್ಕಕ್ಕೆ ಚಾಚಿಸಿ ಹೊರಕ್ಕೆ ತಿರುಗಿಸಿದರೆ ಅವನು ಮಂಚದ ಅಂಚನ್ನು ಹಿಡಿದುಕೊಳ್ಳುತ್ತಿದ್ದ. ನೋವಿದೆಯೇ ಎಂದರೆ ಇಲ್ಲ, ಹೊರಗೆ ಬರುತ್ತದೆ ಎನಿಸುತ್ತದೆ ಎಂಬ ಉತ್ತರ. ಅಂಗೈಯಿಂದ ಭುಜದ ಮುಂಭಾಗವನ್ನು ಹಿಂದಕ್ಕೆ ಒತ್ತಿ ಹಿಡಿದರೆ ಆ ಭಯ ಅಡಗುತ್ತಿತ್ತು. ಈ ಪರೀಕ್ಷೆಯಲ್ಲಿ ನೋವಿಗಿಂತ ಭಯಕ್ಕೇ ಬೆಲೆ ಹೆಚ್ಚು.

ಎರಡನೆಯ ಸಲ ಭುಜ ಜಾರಿದಾಗ ಯಾರೂ ಮುಟ್ಟಿರಲಿಲ್ಲ, ಬರಿಯ ಎಸೆತಕ್ಕೇ ಹೊರಬಂತು. ಆಮೇಲೆ ನಿದ್ದೆಯಲ್ಲೂ ಜಾರಿತು. ಪ್ರತಿ ಸಲ ಕಡಿಮೆ ಬಲಕ್ಕೆ ಜಾರುತ್ತಿದೆ ಎಂದರೆ ಅಂಚಿನ ಮೂಳೆಯೇ ಸವೆದಿರಬಹುದು, ಎಂಆರ್‌ಐ ಜೊತೆಗೆ ಸಿಟಿ ಸ್ಕ್ಯಾನ್ ಬೇಕು. ಕುಳಿಯ ಕೆಳಭಾಗಕ್ಕೆ ಸರಿಹೊಂದುವ ವೃತ್ತ ಎಳೆದು ಅಳೆದಾಗ ವ್ಯಾಸ 28 ಮಿ.ಮೀ., ಮುಂದೆ ಕಳೆದುಹೋದದ್ದು 6 ಮಿ.ಮೀ., ಅಂದರೆ ಸುಮಾರು ಶೇ. 21. ಶೇ. 20ರ ಆಸುಪಾಸಿಗೆ ಬಂದರೆ ಹರಿದ ಲೇಬ್ರಮ್ಮನ್ನು ಹೊಲಿಯುವ ಬ್ಯಾಂಕಾರ್ಟ್ ಶಸ್ತ್ರಚಿಕಿತ್ಸೆಯೊಂದನ್ನೇ ನಾನು ನಂಬುವುದಿಲ್ಲ.

ಇಂಥ ಹೊಲಿಗೆ ಸೋಲಬಹುದೇ ಎಂದು ಮೊದಲೇ ಅಂದಾಜಿಸಲು ಶಸ್ತ್ರವೈದ್ಯರಾದ ಬಲ್ಗ್ ಮತ್ತು ಬ್ವಾಲೊ 2007ರಲ್ಲಿ ಕೊಟ್ಟ ಅಂಕಪಟ್ಟಿಯನ್ನೂ ನೋಡಿದೆ. ವಯಸ್ಸು ಇಪ್ಪತ್ತು ಮೀರದ್ದಕ್ಕೆ 2, ಸ್ಪರ್ಧಾತ್ಮಕ ಆಟಕ್ಕೆ 2, ಮೈಗೆ ಮೈ ತಾಗುವ, ಕೈ ಎತ್ತಿ ಎಸೆಯುವ ಆಟಕ್ಕೆ 1, ಎಕ್ಸ್-ರೇಯಲ್ಲಿ ಕಾಣುವ ಹಿಲ್-ಸ್ಯಾಕ್ಸ್‌ಗೆ 2, ಸವೆದ ಅಂಚಿಗೆ 2. ಕೀಲುಗಳು ಅತಿಯಾಗಿ ಸಡಿಲವಾಗಿರಲಿಲ್ಲ, ಆ ಅಂಕ ಬೀಳಲಿಲ್ಲ. ಒಟ್ಟು 9. ಆರು ಮೀರಿದರೆ ಹೊಲಿಗೆ ಸೋಲುವ ಸಾಧ್ಯತೆ ಹೆಚ್ಚು ಎಂಬುದು ಆ ಪಟ್ಟಿಯ ಲೆಕ್ಕ.

ಹಾಗಾಗಿ ಲಟಾರ್ಜೆ ಮಾಡಿದೆ. ಕೊರಕಾಯ್ಡ್ ಎಂಬ ಮೂಳೆಯ ತುದಿಯನ್ನು ಅದಕ್ಕಂಟಿದ ಸ್ನಾಯುರಜ್ಜುವಿನೊಂದಿಗೆ ಕತ್ತರಿಸಿ, ಕುಳಿಯ ಸವೆದ ಅಂಚಿಗೆ ಎರಡು ತಿರುಪುಗಳಿಂದ ಬಿಗಿಯುವುದು ಈ ಶಸ್ತ್ರಚಿಕಿತ್ಸೆ. ಮೂಳೆ ಅಂಚನ್ನು ತುಂಬುತ್ತದೆ, ಕೈ ಎತ್ತಿದಾಗ ಆ ರಜ್ಜು ಮುಂಭಾಗಕ್ಕೆ ಒತ್ತಾಸೆಯಾಗುತ್ತದೆ. ನರಕ್ಕೆ ಪೆಟ್ಟಾಗುವ, ಮೂಳೆ ಕೂಡದಿರುವ ಅಪಾಯಗಳಿವೆ. ಕೈ ಹೊರಕ್ಕೆ ತಿರುಗುವುದೂ ತುಸು ಕಡಿಮೆಯಾಗಬಹುದು, ಎಸೆಯುವವನಿಗೆ ಇದನ್ನು ಮೊದಲೇ ಹೇಳಬೇಕು.

ಮರಳಿ ಆಡಲು ಬಿಟ್ಟಿದ್ದು ಸಿಟಿಯಲ್ಲಿ ಮೂಳೆ ಕೂಡಿದ್ದು ಕಂಡು, ಬಲ ಎಡಗೈಗೆ ಸರಿಸಮವಾಗಿ, ಆ ಪರೀಕ್ಷೆಯಲ್ಲಿ ಭಯ ಹೋದ ಮೇಲೆ, ಸುಮಾರು ಆರು ತಿಂಗಳಿಗೆ. ಹೊರತಿರುವು ಕೆಲವು ಡಿಗ್ರಿ ಕಡಿಮೆಯೇ ಉಳಿದಿದೆ, ಅದಕ್ಕೆ ತಕ್ಕಂತೆ ಮೊಣಕೈಯನ್ನು ತುಸು ಇಳಿಸಿ ಎಸೆಯುವುದನ್ನು ಕಲಿತಿದ್ದಾನೆ.